ಗೆಳತಿಗೆ ಆಟ ಇಷ್ಟ, ನಮಗೆ ಅಷ್ಟು ಮಾತ್ರ ಗೊತ್ತು: ಹುಟ್ಟುಹಬ್ಬಕ್ಕೆ ಬೋರ್ಡ್ ಗೇಮ್ ಆರಿಸುವುದು ಹೇಗೆ?

“ಅವಳಿಗೆ ಆಟ ಅಂದ್ರೆ ಇಷ್ಟ. ಯಾವ ಥರದ್ದು ಅಂತ ಗೊತ್ತಿಲ್ಲ. ಬರೋ ಶನಿವಾರ ಬರ್ತ್‌ಡೇ. ಏನ್ ಕೊಡ್ಲಿ ಹೇಳಿ.”

ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಮೊಬೈಲ್, ಕಂಪ್ಯೂಟರ್ ಆಟಗಳ ಕಥೆ ಬೇರೆ. ಇದು ಮೇಜಿನ ಮೇಲೋ ಚಾಪೆಯ ಮೇಲೋ ಹರಡಿಕೊಂಡು ನಾಲ್ಕು ಜನ ಸುತ್ತ ಕೂತು ಆಡುವ ಡಬ್ಬಿ ಆಟಗಳ ಬಗ್ಗೆ.

ಕೇಳುವವರೆಲ್ಲ ರುಚಿಯ ಹಿಂದೆ ಬೀಳುತ್ತಾರೆ. ಅವಳಿಗೆ ಯುದ್ಧ ಇಷ್ಟವಾ, ಒಗಟು ಇಷ್ಟವಾ, ಪತ್ತೇದಾರಿ ಇಷ್ಟವಾ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನೀವು ಮೊದಲು ನೋಡಬೇಕಾದದ್ದು ಅವಳ ಜೊತೆ ಯಾರು ಕೂರುತ್ತಾರೆ ಅನ್ನುವುದನ್ನು. ಸೀರೆ ಕೊಟ್ಟರೆ ಉಡುವವಳು ಅವಳೊಬ್ಬಳೇ. ಬೋರ್ಡ್ ಗೇಮ್ ಕೊಟ್ಟರೆ ಅವಳ ಜೊತೆ ಇನ್ನೂ ಒಬ್ಬರೋ ಮೂವರೋ ಕೂತರೆ ಮಾತ್ರ ಅದು ಆಟ, ಇಲ್ಲದಿದ್ದರೆ ರಟ್ಟಿನ ಡಬ್ಬಿ. ಕಪಾಟಿನಿಂದ ಇಳಿಯದೇ ಉಳಿದ ಆಟಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವು ರುಚಿ ತಪ್ಪಿ ಉಳಿದವಲ್ಲ, ಜನ ಸಾಲದೆ ಉಳಿದವು. ನಾನೇ ಒಮ್ಮೆ ಹೊಸದಾಗಿ ಮದುವೆಯಾದ ಗೆಳೆಯನಿಗೆ ಕಟಾನ್ ಅನ್ನುವ ಆಟ ಕೊಟ್ಟೆ. ಅದನ್ನು ಆಡಲು ಕನಿಷ್ಠ 3 ಜನ ಬೇಕು. ಮನೆಯಲ್ಲಿ ಇದ್ದವರು ಇಬ್ಬರು. ಎರಡು ವರ್ಷ ಆದಮೇಲೂ ಅದರ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು.

ರುಚಿಯನ್ನು ಊಹಿಸುವುದು ಕಷ್ಟ. ಎಷ್ಟು ಜನ, ಯಾವ ಭಾಷೆ, ಎಷ್ಟು ಹೊತ್ತು, ಎಲ್ಲಿ ಕೂತು ಅನ್ನುವುದನ್ನು ಪತ್ತೆ ಮಾಡುವುದು ಸುಲಭ. ಅಲ್ಲಿಂದಲೇ ಶುರು ಮಾಡೋಣ.

ಬೇಕಾಗುವುದು ಇಷ್ಟೇ: ಕೈಯಲ್ಲಿ ಒಂದು ವಾರ, ಒಂದು ಬಜೆಟ್, ಅವಳ ಹತ್ತಿರ ಅನುಮಾನ ಬರದ ಹಾಗೆ ಕೇಳಲು ಎರಡು ಮೂರು ಪ್ರಶ್ನೆ. ಬಜೆಟ್ ಬಗ್ಗೆ ಒಂದು ಅಂದಾಜು ಹೇಳುವುದಾದರೆ, ಕೆಳಗೆ ಬರುವ ಆಟಗಳಲ್ಲಿ ಹೆಚ್ಚಿನವು ಇಲ್ಲಿ ಸುಮಾರು 1500ರಿಂದ 3500 ರೂಪಾಯಿ ಒಳಗೆ ಸಿಗುತ್ತವೆ.

ಹಂತ 1: ತಲೆ ಎಣಿಸಿ

ಗೆಳತಿ ಯಾರ ಜೊತೆ ಇದ್ದಾಳೆ? ಪಿಜಿಯಲ್ಲಾ, ಗಂಡನ ಜೊತೆಯಾ, ಅಪ್ಪ ಅಮ್ಮನ ಮನೆಯಲ್ಲಾ? ಭಾನುವಾರ ಮನೆಗೆ ಯಾರಾದರೂ ಬರುತ್ತಾರಾ? ನೇರವಾಗಿ ಆಟದ ಮಾತೇ ಎತ್ತಬೇಡಿ. “ವೀಕೆಂಡ್ ಏನ್ ಮಾಡಿದ್ರಿ?” ಅಂದರೆ ಸಾಕು, ಅರ್ಧ ಉತ್ತರ ಬಂದುಬಿಡುತ್ತದೆ.

ಸಿಕ್ಕ ಉತ್ತರದಿಂದ ಎರಡು ಸಂಖ್ಯೆ ಬರೆದುಕೊಳ್ಳಿ. ಒಂದು, ವಾರದ ದಿನ ರಾತ್ರಿ ಊಟ ಆದಮೇಲೆ ಕೂರಬಲ್ಲವರು ಎಷ್ಟು ಜನ. ಇನ್ನೊಂದು, ರಜೆ ದಿನ ಎಷ್ಟು ಜನ. ಆರಿಸುವ ಆಟ ಈ ಎರಡಕ್ಕೂ ಹೊಂದಬೇಕು. ಒಂದಕ್ಕೇ ಹೊಂದುವುದಾದರೆ ಚಿಕ್ಕ ಸಂಖ್ಯೆಗೆ ಹೊಂದಲಿ. ಆರು ಜನ ಸೇರುವುದು ತಿಂಗಳಿಗೊಮ್ಮೆ. ನಮ್ಮ ಬೆಂಗಳೂರಲ್ಲಿ ಅದೂ ಟ್ರಾಫಿಕ್ ಬಿಟ್ಟರೆ! ಆರಕ್ಕೆ ಬರುತ್ತೇನೆ ಅಂದವರಲ್ಲಿ ಇಬ್ಬರು ಸಿಲ್ಕ್ ಬೋರ್ಡಲ್ಲೇ ಇರುತ್ತಾರೆ. ಬಂದವರು ಅಷ್ಟರೊಳಗೆ ಏನಾದರೂ ಆಡಬೇಕು ಅಲ್ವಾ?

ಇಲ್ಲೊಂದು ಎಚ್ಚರಿಕೆ. ಡಬ್ಬಿಯ ಮೇಲೆ “2–8 ಜನ” ಅಂತ ಇದ್ದ ಮಾತ್ರಕ್ಕೆ ಇಬ್ಬರು ಆಡಿದರೂ ಚೆನ್ನಾಗಿರುತ್ತದೆ ಅಂತಲ್ಲ. ಕೋಡ್‌ನೇಮ್ಸ್ ಒಳ್ಳೆಯ ಉದಾಹರಣೆ. 5 ಸಾಲು, 5 ಕಂಬ, ಒಟ್ಟು 25 ಪದದ ಕಾರ್ಡು ಹರಡಿ, ಎರಡು ತಂಡ ಮಾಡಿಕೊಂಡು ಆಡುವ ಆಟ ಅದು. ತಂಡದ ನಾಯಕ ಒಂದೇ ಪದದ ಸುಳಿವು ಕೊಡಬೇಕು, ಉಳಿದವರು ಊಹಿಸಬೇಕು. ನಾಲ್ವರಿದ್ದರೆ ನಡೆಯುತ್ತದೆ, ಆರು ಜನರಿದ್ದರೆ ಮನೆ ಎದ್ದು ಕೂರುತ್ತದೆ. ಇಬ್ಬರೇ ಇದ್ದರೆ ನಿಜವಾದ ಆಟ ಅಲ್ಲಿಲ್ಲ.

ಇದನ್ನು ಪರೀಕ್ಷಿಸುವ ದಾರಿ ಒಂದಿದೆ. ಬೋರ್ಡ್‌ಗೇಮ್‌ಗೀಕ್ ಅನ್ನುವ ಜಾಲತಾಣದಲ್ಲಿ (boardgamegeek.com) ಆಟದ ಹೆಸರು ಹುಡುಕಿ. ಹೆಸರಿನ ಕೆಳಗೇ ಜನಸಂಖ್ಯೆ ಇರುತ್ತದೆ, ಪಕ್ಕದಲ್ಲಿ Best ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಮೊದಲನೆಯದು ಕಂಪನಿ ಹೇಳುವ ಮಾತು. ಎರಡನೆಯದು ಆಡಿದವರು ಓಟು ಹಾಕಿ ಹೇಳಿದ ಮಾತು. ನೀವು ನಂಬಬೇಕಾದದ್ದು ಎರಡನೆಯದನ್ನು.

ಹಂತ 2: ಸಿಕ್ಕಿದ ಸುಳಿವನ್ನು ಬಿಡಿಸಿ ನೋಡಿ

ರುಚಿ ಗೊತ್ತಿಲ್ಲ ಅಂತೀರಿ, ಆದರೆ ಏನೋ ಒಂದು ಸುಳಿವು ಇದ್ದೇ ಇರುತ್ತದೆ. “ಆಫೀಸಲ್ಲಿ ಊನೋ ಆಡ್ತಾಳೆ.” “ಚಿಕ್ಕವಳಿದ್ದಾಗ ಅಜ್ಜಿ ಮನೇಲಿ ಚೌಕಾಬಾರ ಆಡ್ತಿದ್ದೆ ಅಂದಿದ್ಲು.” ಇಷ್ಟು ಸಾಕು. ಆದರೆ ಸುಳಿವನ್ನು ಹಾಗೇ ನುಂಗಬಾರದು, ಬಿಡಿಸಿ ನೋಡಬೇಕು. ಚೌಕಾಬಾರ ಇಷ್ಟ ಅಂದವಳಿಗೆ ಇನ್ನೊಂದು ಚೌಕಾಬಾರ ಮಣೆ ಕೊಡಿ ಅಂತ ಅರ್ಥವಲ್ಲ. ಅದರಲ್ಲಿ ಇಷ್ಟವಾಗಿದ್ದು ಏನು ಅಂತ ಹುಡುಕಬೇಕು.

ಚೌಕಾಬಾರವನ್ನೇ ತಗೊಳ್ಳಿ. ನಾಲ್ಕು ಕವಡೆ ಹಾಕುತ್ತೀರಿ. ಚೌಕ ಬಿದ್ದರೆ 4, ಬಾರಾ ಬಿದ್ದರೆ 8, ಮೇಲೆ ಇನ್ನೊಂದು ಗರ. ಇದು ಅದೃಷ್ಟದ ಭಾಗ. ಬಿದ್ದ ಗರಕ್ಕೆ ಯಾವ ಕಾಯಿ ನಡೆಸಬೇಕು ಅನ್ನುವುದು ಲೆಕ್ಕದ ಭಾಗ. ಎದುರಾಳಿಯ ಕಾಯಿ ಹೊಡೆಯುವುದು ಜಗಳದ ಭಾಗ. ಅದೆಷ್ಟೋ ಮನೆಗಳಲ್ಲಿ ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಈಗ ಗೆಳತಿ ಆ ನೆನಪು ಹೇಳುವಾಗ ಏನು ಹೇಳಿದಳು ನೆನಪಿಸಿಕೊಳ್ಳಿ. “ನಮ್ಮಣ್ಣನ ಕಾಯಿ ಮನೆ ಹತ್ತಿರ ಬಂದಾಗ ಹೊಡೀತಿದ್ದೆ, ಅವನು ಮಣೆನೇ ಎಸೀತಿದ್ದ” ಅಂದಳಾ? ಹಾಗಾದರೆ ಅವಳಿಗೆ ಬೇಕಾದದ್ದು ಎದುರಾಳಿಯ ದಾರಿಗೆ ಅಡ್ಡ ಬರುವ ಆಟ. “ಅಜ್ಜಿ ಜೊತೆ ಎಲ್ರೂ ಕೂತ್ಕೊಂಡು ಮಾತಾಡ್ತಾ ಆಡ್ತಿದ್ವಿ” ಅಂದಳಾ? ಹಾಗಾದರೆ ಬೇಕಾದದ್ದು ಮಾತಿಗೆ ಜಾಗ ಬಿಡುವ, ತಲೆ ಜಾಸ್ತಿ ತಿನ್ನದ ಆಟ. ಮಾತು ಒಂದೇ ಆಟದ ಬಗ್ಗೆ, ಕೊಡಬೇಕಾದ ಡಬ್ಬಿ ಮಾತ್ರ ಬೇರೆ.

ಬೇರೆ ಸುಳಿವುಗಳನ್ನೂ ಹೀಗೇ ಬಿಡಿಸಬಹುದು. ಊನೋ ಅಂದರೆ ಬೇಗ ಮುಗಿಯಬೇಕು, ನಿಯಮ ಐದು ನಿಮಿಷದಲ್ಲಿ ತಿಳಿಯಬೇಕು ಅಂತ. ಮೂಕಾಭಿನಯ, ಅಂತ್ಯಾಕ್ಷರಿ ಅಂದರೆ ತಂಡ ಬೇಕು, ನಗು ಬೇಕು, ಗೆಲುವು ಅಷ್ಟೇನೂ ಮುಖ್ಯವಲ್ಲ. ಇಂಥವರಿಗೆ ಕೋಡ್‌ನೇಮ್ಸ್ ಅಥವಾ ಡಿಕ್ಸಿಟ್ ಹೊಂದುತ್ತದೆ. ಡಿಕ್ಸಿಟ್ ಅಂದರೆ ಕನಸಿನಂಥ ಚಿತ್ರಗಳ ಕಾರ್ಡುಗಳಿಗೆ ಒಂದು ಸಾಲಿನ ಸುಳಿವು ಹೇಳಿ ಆಡುವ ಆಟ, ಕನಿಷ್ಠ 3 ಜನ ಬೇಕು. ರಮ್ಮಿ ಅಂದರೆ ಕೈಯಲ್ಲಿರುವುದನ್ನು ಜೋಡಿಸಿಕೊಂಡು ಯಾರು ಮೊದಲು ಮುಗಿಸುತ್ತಾರೆ ಅನ್ನುವ ಓಟ. ಅವರಿಗೆ ಸ್ಪ್ಲೆಂಡರ್ ಹಿಡಿಸುತ್ತದೆ. ಬಣ್ಣದ ಬಿಲ್ಲೆ ಕೂಡಿಸಿ ಕಾರ್ಡು ಕೊಳ್ಳುತ್ತಾ ಹೋಗಬೇಕು, ಕೊಂಡ ಕಾರ್ಡು ಮುಂದಿನ ಕಾರ್ಡನ್ನು ಅಗ್ಗ ಮಾಡುತ್ತದೆ, 15 ಅಂಕ ಮುಟ್ಟಿದವರು ಆಟ ಮುಗಿಸುತ್ತಾರೆ. ಚೆಸ್ ಅಂದರೆ ಮಾತ್ರ ಹುಷಾರು. ಚೆಸ್ ಆಡುವವರಲ್ಲಿ ಕೆಲವರಿಗೆ ಅದೃಷ್ಟದ ವಾಸನೆ ಬಂದರೂ ಆಗುವುದಿಲ್ಲ. ಅಂಥವರಿಗೆ ಹೈವ್ ಇದೆ. ಅದಕ್ಕೆ ಮಣೆಯೂ ಇಲ್ಲ, ದಾಳವೂ ಇಲ್ಲ. ಆರು ಮೂಲೆಯ ಬಿಲ್ಲೆಗಳ ಮೇಲೆ ಜೇನು, ಜೇಡ, ಇರುವೆ. ಎದುರಾಳಿಯ ರಾಣಿಜೇನನ್ನು ಸುತ್ತುವರಿದರೆ ಗೆದ್ದಿರಿ. ಆಡುವವರು ಇಬ್ಬರೇ.

ಸುಳಿವಿನಲ್ಲಿ ಅಳಗುಳಿಮಣೆ ಬಂದರೆ ಒಂದು ಮಾತು. ಮರದ ಅಳಗುಳಿಮಣೆ ಉಡುಗೊರೆಯಾಗಿ ನೋಡಲು ಚೆಂದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಅಂತ ಒಂದು ಭಾಗ ಇಟ್ಟಿದ್ದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಈಗಲೂ ಇಂಥ ಹಳೆಯ ಆಟಗಳ ಪ್ರದರ್ಶನ ಮಾಡುತ್ತದೆ. ಹಾಗಿದ್ದರೂ ಅಳಗುಳಿಮಣೆ ಇಬ್ಬರ ಆಟ, ಮತ್ತು ಹೇಳಿಕೊಡುವವರಿಲ್ಲದ ಮನೆಯಲ್ಲಿ ಶೋಕೇಸಿಗೆ ಹೋಗಿ ಕೂರುತ್ತದೆ. ಅವಳಿಗೆ ಆಡಲು ಬರುತ್ತದೆ, ಎದುರಿಗೆ ಕೂರುವವರೂ ಇದ್ದಾರೆ ಅಂತ ಖಾತ್ರಿ ಇದ್ದರೆ ಮಾತ್ರ ಕೊಡಿ.

ಹಂತ 3: ಭಾಷೆ, ಹೊತ್ತು, ಜಾಗ

ಇದನ್ನು ಯಾರೂ ಯೋಚಿಸುವುದಿಲ್ಲ, ಅಂಗಡಿಯವರೂ ಕೇಳುವುದಿಲ್ಲ. ಮನೆಯಲ್ಲಿ ಆಡುವವರೆಲ್ಲರಿಗೂ ಇಂಗ್ಲಿಷ್ ಸಲೀಸಾ? ಅತ್ತೆ, ಅಮ್ಮ, ಚಿಕ್ಕ ಮಕ್ಕಳು ಕೂರುವುದಾದರೆ ಕಾರ್ಡಿನ ಮೇಲೆ ಏನಿದೆ ಅನ್ನುವುದು ದೊಡ್ಡ ವಿಷಯ. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿದ್ದರೆ ತೊಂದರೆ ಇಲ್ಲ, ಒಬ್ಬರು ಓದಿ ಹೇಳಿದರಾಯಿತು. ಆಟದ ನಡುವೆ ಕಾರ್ಡು ಓದಬೇಕಾದರೆ ಕಷ್ಟ. “ಇದರಲ್ಲಿ ಏನ್ ಬರ್ದಿದೆ ನೋಡಮ್ಮಾ” ಅಂತ ಎದುರಾಳಿಗೇ ಕಾರ್ಡು ತೋರಿಸಿದರೆ ಆಟ ಅಲ್ಲಿಗೆ ಮುಗಿಯಿತು.

ಸ್ಪ್ಲೆಂಡರ್, ಆಜುಲ್, ಕಿಂಗ್‌ಡೊಮಿನೊ, ಕಾರ್ಕಸೋನ್ ಇವುಗಳಲ್ಲಿ ಆಡುವಾಗ ಓದುವುದು ಏನೂ ಇಲ್ಲ. ಬಣ್ಣ, ಚಿತ್ರ, ಅಂಕಿ ಅಷ್ಟೇ. ಡಿಕ್ಸಿಟ್‌ನಲ್ಲೂ ಬರೀ ಚಿತ್ರ, ಸುಳಿವನ್ನು ಕನ್ನಡದಲ್ಲೇ ಹೇಳಬಹುದು, ಗಾದೆ ಹೇಳಿದರೆ ಇನ್ನೂ ಮಜಾ. ಕೋಡ್‌ನೇಮ್ಸ್ ಮಾತ್ರ ಪೂರ್ತಿ ಇಂಗ್ಲಿಷ್ ಪದಗಳ ಮೇಲೆ ನಿಂತಿದೆ. ಅದರದ್ದೇ ಚಿತ್ರಗಳ ಆವೃತ್ತಿ ಬೇರೆ ಇದೆ. ಕನ್ನಡದಲ್ಲಿ ಆಡುವ ಮನೆಗೆ ಅದು ವಾಸಿ.

ಹೊತ್ತಿನ ಬಗ್ಗೆ ನನ್ನ ಅಂದಾಜು ಸರಳ. ಡಬ್ಬಿಯ ಮೇಲಿನ ನಿಮಿಷಕ್ಕೆ ಮೊದಲ ಸಲ ಅರ್ಧದಷ್ಟು ಸೇರಿಸಿ. 40 ಅಂದಿದ್ದರೆ 60 ಆಗುತ್ತದೆ. ರಾತ್ರಿ ಒಂಬತ್ತೂವರೆಗೆ ಕೂತು ಹನ್ನೊಂದಕ್ಕೆ ಮಲಗಬೇಕಾದವರಿಗೆ ಅದಕ್ಕಿಂತ ದೊಡ್ಡ ಆಟ ಬೇಡ.

ಜಾಗವನ್ನೂ ನೋಡಿ. ಪಿಜಿಯ ಕೋಣೆಯಲ್ಲಿ ಮಂಚವೇ ಮೇಜು. ಹಾಸಿಗೆಯ ಮೇಲೆ ಆಜುಲ್‌ನ ಬಿಲ್ಲೆ ಜೋಡಿಸಿ ನೋಡಿ, ಯಾರಾದರೂ ಕಾಲು ಮಡಚಿದರೆ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿ. ಅಂಥ ಕಡೆ ಕೈಯಲ್ಲೇ ಹಿಡಿದು ಆಡುವ ಕಾರ್ಡಿನ ಆಟ, ಇಲ್ಲವೇ ಗಟ್ಟಿ ಬಿಲ್ಲೆಯ ಹೈವ್ ಸರಿ.

ಹಂತ 4: ಪಟ್ಟಿ ಮಾಡಿ, ಹೊಡೆದು ಹಾಕಿ

ಈಗ ನಾಲ್ಕೈದು ಹೆಸರು ಬರೆದುಕೊಂಡು ಒಂದೊಂದೇ ಹೊಡೆದು ಹಾಕಬೇಕು. ಒಂದು ಉದಾಹರಣೆ ಪೂರ್ತಿ ಮಾಡಿ ತೋರಿಸುತ್ತೇನೆ.

ಇತ್ತೀಚೆಗೆ ಒಬ್ಬರು ಕೇಳಿದ್ದು ಇದು: ಆಫೀಸಿನ ಗೆಳತಿ, ಮನೆ ವಿಜಯನಗರದಲ್ಲಿ. ಗಂಡ, ಅತ್ತೆ ಜೊತೆಗಿದ್ದಾರೆ. ಮಧ್ಯಾಹ್ನ ಊಟದ ಹೊತ್ತಲ್ಲಿ ಊನೋ ಆಡುತ್ತಾಳೆ. ಅಣ್ಣನ ಕಾಯಿ ಹೊಡೆಯುತ್ತಿದ್ದ ಚೌಕಾಬಾರದ ಕಥೆ ಹೇಳಿದವಳೂ ಅವಳೇ. ಬಜೆಟ್ 3000. ರಾತ್ರಿ ಆಡಿದರೆ ಇಬ್ಬರು, ಅತ್ತೆಯೂ ಕೂತರೆ ಮೂವರು, ಭಾನುವಾರ ನಾದಿನಿ ಬಂದರೆ ನಾಲ್ವರು. ಅತ್ತೆ ಓದುವುದು ಕನ್ನಡ ಮಾತ್ರ. ನಾಲ್ಕು ಕುರ್ಚಿಯ ಊಟದ ಮೇಜು ಇದೆ.

ಪಟ್ಟಿಯಲ್ಲಿ ಬರೆದದ್ದು ಕಟಾನ್, ಕೋಡ್‌ನೇಮ್ಸ್, ಪ್ಯಾಂಡೆಮಿಕ್, ಸ್ಪ್ಲೆಂಡರ್, ಆಜುಲ್. ಕಟಾನ್ ಇಬ್ಬರಿಗೆ ಆಗದು, ಹೊಡೆದೆವು. ಕೋಡ್‌ನೇಮ್ಸ್‌ಗೆ ಜನ ಸಾಲದು, ಅತ್ತೆಗೆ ಇಂಗ್ಲಿಷ್ ಬಾರದು, ಹೊಡೆದೆವು. ಪ್ಯಾಂಡೆಮಿಕ್‌ನಲ್ಲಿ ಎಲ್ಲರೂ ಒಂದೇ ತಂಡವಾಗಿ ರೋಗಗಳ ವಿರುದ್ಧ ಆಡುತ್ತಾರೆ. ಆಟ ಒಳ್ಳೆಯದೇ, ಆದರೆ ಕಾರ್ಡುಗಳಲ್ಲಿ ಓದುವುದಿದೆ. ಇನ್ನೂ ಒಂದು ತೊಂದರೆ, ಜೋರಾಗಿರುವ ಒಬ್ಬರು ಉಳಿದವರ ಆಟವನ್ನೂ ತಾವೇ ಆಡಿಬಿಡುತ್ತಾರೆ. ಅಣ್ಣನ ಕಾಯಿ ಹೊಡೆದು ಖುಷಿಪಟ್ಟವಳಿಗೆ ಎದುರಾಳಿಯೇ ಇಲ್ಲದ ಆಟ ಯಾಕೆ? ಹೊಡೆದೆವು.

ಉಳಿದದ್ದು ಸ್ಪ್ಲೆಂಡರ್, ಆಜುಲ್. ಎರಡೂ 2ರಿಂದ 4 ಜನಕ್ಕೆ, ಎರಡೂ ಮುಕ್ಕಾಲು ಗಂಟೆಯೊಳಗೆ, ಎರಡರಲ್ಲೂ ಓದುವುದಿಲ್ಲ. ಇಲ್ಲಿ ಬಂದಮೇಲೆ ಮಾತ್ರ ರುಚಿಯ ಪ್ರಶ್ನೆ ಕೇಳಬೇಕು. ಸ್ಪ್ಲೆಂಡರ್‌ನಲ್ಲಿ ಅಡ್ಡ ಬರುವುದು ಸ್ವಲ್ಪ ಇದೆ, ಎದುರಾಳಿ ಕಣ್ಣಿಟ್ಟ ಕಾರ್ಡನ್ನು ನೀವು ಎತ್ತಿಟ್ಟುಕೊಳ್ಳಬಹುದು. ಆಜುಲ್‌ನಲ್ಲಿ ಅದು ಇನ್ನೂ ಜಾಸ್ತಿ. ಹೇಗೆ ಅಂತ ಹತ್ತಿರದಿಂದ ನೋಡಿ.

ಆಜುಲ್‌ನಲ್ಲಿ 5 ಬಣ್ಣದ 100 ಬಿಲ್ಲೆಗಳಿವೆ. ಚೀಲದಿಂದ ತೆಗೆದು ನಾಲ್ಕು ನಾಲ್ಕರಂತೆ ಸಣ್ಣ ತಟ್ಟೆಗಳ ಮೇಲೆ ಹರಡುತ್ತಾರೆ. ನಿಮ್ಮ ಸರದಿ ಬಂದಾಗ ಒಂದು ತಟ್ಟೆಯಿಂದ ಒಂದೇ ಬಣ್ಣದ್ದನ್ನು ಪೂರ್ತಿ ತೆಗೆಯಬೇಕು, ಉಳಿದದ್ದು ಮೇಜಿನ ನಡುವೆ ಸೇರುತ್ತದೆ. ನಡುವೆ ಬಿದ್ದದ್ದನ್ನೂ ಹಾಗೇ ತೆಗೆಯಬಹುದು. ತೆಗೆದದ್ದನ್ನು ನಿಮ್ಮ ಹಲಗೆಯ ಮೇಲೆ 1ರಿಂದ 5 ಮನೆಗಳಿರುವ ಸಾಲುಗಳಲ್ಲಿ ಯಾವುದಾದರೂ ಒಂದರಲ್ಲಿ ತುಂಬಬೇಕು. ಸಾಲಿನಲ್ಲಿ ಹಿಡಿಸದೆ ಮಿಕ್ಕಿದ್ದು ಕೆಳಗೆ ಬೀಳುತ್ತದೆ, ಅದಕ್ಕೆ ಅಂಕ ಕಳೆಯುತ್ತಾರೆ: ಮೊದಲ ಎರಡಕ್ಕೆ ಒಂದೊಂದು, ಮುಂದಿನ ಮೂರಕ್ಕೆ ಎರಡೆರಡು, ಕೊನೆಯ ಎರಡಕ್ಕೆ ಮೂರು ಮೂರು.

ಸುತ್ತು ಮುಗಿಯುವ ಹೊತ್ತಿಗೆ ನಡುವೆ ಆರು ನೀಲಿ ಬಿಲ್ಲೆ ಉಳಿದಿವೆ ಅಂದುಕೊಳ್ಳಿ. ಗಂಡನ ಹಲಗೆಯಲ್ಲಿ ನೀಲಿಗೆ ಜಾಗ ಇರುವುದು ಒಂದೇ ಮನೆ. ಹೆಂಡತಿ ಅದನ್ನು ನೋಡಿಕೊಂಡೇ ಪಕ್ಕದ ತಟ್ಟೆಯ ಕೊನೆಯ ಬಿಲ್ಲೆಗಳನ್ನು ಎತ್ತಿಕೊಳ್ಳುತ್ತಾಳೆ. ಈಗ ಅವನಿಗೆ ತೆಗೆಯಲು ಬೇರೇನೂ ಇಲ್ಲ. ಆರೂ ತೆಗೆಯಬೇಕು. ಒಂದು ಸಾಲಿಗೆ, ಐದು ಕೆಳಕ್ಕೆ. 1, 1, 2, 2, 2: ಒಟ್ಟು 8 ಅಂಕ ಹೋಯಿತು. ಮನೆ ಹತ್ತಿರ ಬಂದ ಕಾಯಿಯನ್ನು ಹೊಡೆದ ಖುಷಿಯೇ ಇದು, ಕವಡೆಯ ಬದಲು ಕಣ್ಣಲ್ಲಿ ಲೆಕ್ಕ ಹಾಕಿ ಹೊಡೆದದ್ದು ಅಷ್ಟೇ. ಜೊತೆಗೆ ಬಿಲ್ಲೆಗಳು ದಪ್ಪ, ಹೆಬ್ಬೆರಳಿನಷ್ಟು ಅಗಲ. ವಯಸ್ಸಾದವರ ಕಣ್ಣಿಗೆ, ಕೈಗೆ ಕಾರ್ಡಿನ ಮೂಲೆಯ ಸಣ್ಣ ಅಂಕಿಗಿಂತ ಹಿತ. ಹಾಗಾಗಿ ಆಜುಲ್ ಅಂತ ತೀರ್ಮಾನ ಆಯಿತು.

ಅದೇ ಗೆಳತಿ ಜಗಳ ಬೇಡ ಅನ್ನುವ ಸ್ವಭಾವದವಳಾಗಿದ್ದರೆ ನಾನು ಕಿಂಗ್‌ಡೊಮಿನೊ ಹೇಳುತ್ತಿದ್ದೆ. ಕಾಲು ಗಂಟೆಯಲ್ಲಿ ಮುಗಿಯುತ್ತದೆ, ತಂತಮ್ಮ ರಾಜ್ಯ ತಾವು ಕಟ್ಟಿಕೊಳ್ಳುತ್ತಾರೆ.

ಪಟ್ಟಿಗೆ ಹೆಸರೇ ಹೊಳೆಯದಿದ್ದರೆ ಎರಡು ಗುರುತು ಸಹಾಯಕ್ಕೆ ಬರುತ್ತವೆ. ಜರ್ಮನಿಯಲ್ಲಿ 1979ರಿಂದ ಪ್ರತಿ ವರ್ಷ ‘ಶ್ಪೀಲ್ ಡೆಸ್ ಯಾರೆಸ್’ ಅಂತ ಒಂದು ಪ್ರಶಸ್ತಿ ಕೊಡುತ್ತಾರೆ, ‘ವರ್ಷದ ಆಟ’ ಅಂತ ಅರ್ಥ. ಗೆದ್ದ ಆಟದ ಡಬ್ಬಿಯ ಮೇಲೆ ಪುಟ್ಟ ಕಾಯಿಯ ಆಕಾರದ ಗುರುತು ಇರುವುದುಂಟು. ಕೆಂಪು ಕಾಯಿ ಅಂದರೆ ಮನೆಮಂದಿಗೆ. ನೀಲಿ ಅಂದರೆ ಚಿಕ್ಕ ಮಕ್ಕಳಿಗೆ. ಕಡುಬೂದು ಅಂದರೆ ಆಟದಲ್ಲಿ ಪಳಗಿದವರಿಗೆ. ರುಚಿ ಗೊತ್ತಿಲ್ಲದಾಗ ಕೆಂಪಿನ ಆಚೆ ಹೋಗಬೇಡಿ. ಕಾರ್ಕಸೋನ್ 2001ರಲ್ಲಿ, ಕಿಂಗ್‌ಡೊಮಿನೊ 2017ರಲ್ಲಿ, ಆಜುಲ್ 2018ರಲ್ಲಿ ಈ ಕೆಂಪು ಕಾಯಿ ಗೆದ್ದವು.

ಎರಡನೆಯದು ಬೋರ್ಡ್‌ಗೇಮ್‌ಗೀಕ್‌ನಲ್ಲಿ ಕಾಣುವ Weight, ಅಂದರೆ ಆಟ ತಲೆಗೆ ಎಷ್ಟು ಭಾರ ಅನ್ನುವ ಅಳತೆ. 1 ತೀರಾ ಹಗುರ, 5 ತೀರಾ ಭಾರ. ಆಜುಲ್ 2ಕ್ಕಿಂತ ಸ್ವಲ್ಪ ಕಡಿಮೆ, ಕಟಾನ್ 2ಕ್ಕಿಂತ ಸ್ವಲ್ಪ ಜಾಸ್ತಿ. ಊನೋ ಮಾತ್ರ ಆಡಿದವರಿಗೆ 2ರ ಒಳಗೇ ಇರಿ. ಆ ತಾಣದಲ್ಲಿ ನಂಬರ್ ಒಂದು ಅಂತ ಇರುವ ಆಟವನ್ನು ತಂದುಕೊಡುವುದು ನಾನು ಕಂಡ ದೊಡ್ಡ ತಪ್ಪು. ರ‍್ಯಾಂಕ್ ಕೊಡುವವರು ವರ್ಷಗಟ್ಟಲೆ ಆಡಿದವರು, ಅವರ ನಾಲಿಗೆಯೇ ಬೇರೆ. ಪಟ್ಟಿಯ ತುದಿಯಲ್ಲಿ ಕಾಣಿಸಿಕೊಳ್ಳುವ ಬ್ರಾಸ್: ಬರ್ಮಿಂಗ್‌ಹ್ಯಾಮ್ ಭಾರದಲ್ಲಿ 4ರ ಹತ್ತಿರ ಇದೆ. ಊನೋ ಆಡುವವರ ಮುಂದೆ ಅದನ್ನು ಇಟ್ಟರೆ ನಿಯಮ ಹೇಳಿ ಮುಗಿಸುವಷ್ಟರಲ್ಲಿ ಕೇಕು ಖಾಲಿ.

ಅನುಮಾನ ಇದ್ದರೆ ಕೊಳ್ಳುವ ಮೊದಲು ಒಮ್ಮೆ ಆಡಿಬಿಡಿ. ಕೋರಮಂಗಲ, ಇಂದಿರಾನಗರದ ಕಡೆ ಬೋರ್ಡ್ ಗೇಮ್ ಇಟ್ಟಿರುವ ಕೆಫೆಗಳಿವೆ. ಫೋನ್ ಮಾಡಿ ನಿಮ್ಮ ಪಟ್ಟಿಯ ಆಟ ಇದೆಯಾ ಅಂತ ಕೇಳಿಕೊಂಡು ಹೋಗಿ. ಆದರೆ ಅವಳನ್ನೇ ಕರೆದುಕೊಂಡು ಹೋದರೆ ಗುಟ್ಟು ರಟ್ಟಾಗಬಹುದು, ನೋಡಿಕೊಳ್ಳಿ.

ಹಂತ 5: ಕೊಳ್ಳುವಾಗ

ಮೂರು ಕಡೆ ಜನ ಎಡವುತ್ತಾರೆ.

ಮೊದಲನೆಯದು ನಕಲಿ. ಆನ್‌ಲೈನಿನಲ್ಲಿ ಹೆಸರಾದ ಆಟಗಳ ನಕಲು ಬೇಕಾದಷ್ಟಿವೆ. 2500 ರೂಪಾಯಿಯ ಆಟ 700ಕ್ಕೆ ಕಂಡರೆ ಅದು ರಿಯಾಯಿತಿ ಅಲ್ಲ. ನಾನೂ ಒಮ್ಮೆ ಬಿದ್ದಿದ್ದೇನೆ. ಡಬ್ಬಿ ಮೂಲದ್ದಕ್ಕಿಂತ ಚಿಕ್ಕದು, ಅಕ್ಷರ ಮಸುಕು, ರಟ್ಟು ತೆಳು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಾರ್ಡುಗಳ ಹಿಂಬದಿ ಬಣ್ಣ ಒಂದೊಂದು ಒಂದೊಂದು ಥರ. ಎರಡು ಆಟ ಆಗುವಷ್ಟರಲ್ಲಿ ಬೆನ್ನು ನೋಡಿಯೇ ಯಾವ ಕಾರ್ಡು ಅಂತ ಗೊತ್ತಾಗುತ್ತಿತ್ತು! ಹಾಗಾಗಿ ಮಾರುವವರ ಹೆಸರು ನೋಡಿ, ಕಂಪನಿಯ ಹೆಸರು ಡಬ್ಬಿಯ ಚಿತ್ರದಲ್ಲಿ ಇದೆಯಾ ನೋಡಿ, ಕೊಂಡವರು ಹಾಕಿದ ಫೋಟೊ ನೋಡಿ. ಬೋರ್ಡ್ ಗೇಮ್‌ಗಳನ್ನೇ ಮಾರುವ ಅಂಗಡಿಯಾದರೆ ಈ ಗೋಳಿಲ್ಲ.

ಎರಡನೆಯದು ಎಕ್ಸ್‌ಪ್ಯಾನ್ಷನ್. ಮೂಲ ಆಟಕ್ಕೆ ಸೇರಿಸಿಕೊಂಡು ಆಡುವ ಹೆಚ್ಚುವರಿ ಡಬ್ಬಿ ಇದು, ಒಂಟಿಯಾಗಿ ಆಡಲು ಬರುವುದಿಲ್ಲ. ಮೇಲಿನ ಚಿತ್ರ, ಹೆಸರು ಎಲ್ಲ ಮೂಲದ ಹಾಗೇ ಇರುತ್ತದೆ. ನಮ್ಮವರು ಬೀಳುವುದು ಹೆಚ್ಚಾಗಿ ಟಿಕೆಟ್ ಟು ರೈಡ್‌ನಲ್ಲಿ. ನಕ್ಷೆಯ ಮೇಲೆ ರೈಲು ಮಾರ್ಗ ಹಾಕುವ ಆಟ ಅದು. ಅದರ ಇಂಡಿಯಾ ನಕ್ಷೆ ಅಂಗಡಿಯಲ್ಲಿ ಕಂಡರೆ “ಅರೆ, ನಮ್ಮ ದೇಶದ್ದೇ ಇದೆ” ಅಂತ ಎತ್ತಿಕೊಳ್ಳುತ್ತಾರೆ. ಆ ಡಬ್ಬಿಯಲ್ಲಿ ಇಂಡಿಯಾ, ಸ್ವಿಟ್ಜರ್‌ಲೆಂಡ್ ನಕ್ಷೆಗಳಿವೆ, ಆದರೆ ಆಡಲು ಬೇಕಾದ ರೈಲು ಬೋಗಿಗಳೂ ಇಲ್ಲ, ರೈಲಿನ ಕಾರ್ಡುಗಳೂ ಇಲ್ಲ. ಅವು ಬೇಕಾದರೆ ಮೂಲ ಆಟ ಮನೆಯಲ್ಲಿರಬೇಕು. ಡಬ್ಬಿಯ ಹಿಂಬದಿ ತಿರುಗಿಸಿ ಸಣ್ಣಕ್ಷರ ಓದಿ. ಯೂರೋಪ್ ನಕ್ಷೆಯ ಟಿಕೆಟ್ ಟು ರೈಡ್ ಪೂರ್ತಿ ಆಟ, ಅದನ್ನು ಧೈರ್ಯವಾಗಿ ಕೊಡಬಹುದು.

ಮೂರನೆಯದು, ಅವಳ ಹತ್ತಿರ ಆಗಲೇ ಇರುವ ಆಟ. ಗಂಡನನ್ನೋ ರೂಮ್‌ಮೇಟನ್ನೋ ಕಪಾಟಿನ ಒಂದು ಫೋಟೊ ಕೇಳಿ. ಅದು ಆಗದಿದ್ದರೆ ಅಂಗಡಿಯಲ್ಲಿ ಕೊಳ್ಳುವಾಗಲೇ “ಪ್ಲಾಸ್ಟಿಕ್ ಬಿಚ್ಚದಿದ್ರೆ ಬದಲಾಯಿಸಿ ಕೊಡ್ತೀರಾ, ಎಷ್ಟು ದಿನದ ಒಳಗೆ?” ಅಂತ ಕೇಳಿ. ಹೂಂ ಅಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಿ ಮಾತು ಅಂಗಡಿಯ ಹುಡುಗ ಬದಲಾದರೆ ಹೋಯಿತು.

ಹಂತ 6: ಕೊಡುವಾಗ

ಡಬ್ಬಿಯನ್ನು ನೀವು ಬಿಚ್ಚಬೇಡಿ. ಬದಲಾಯಿಸುವ ದಾರಿ ಮುಚ್ಚಿಹೋಗುತ್ತದೆ, ಬಿಚ್ಚುವ ಖುಷಿಯೂ ಅವಳದ್ದೇ. ಆದರೆ ನಿಯಮ ನೀವು ಮೊದಲೇ ಕಲಿಯಿರಿ. ಈ ಆಟಗಳ ನಿಯಮ ಪುಸ್ತಕ ಕಂಪನಿಯ ತಾಣದಲ್ಲೇ ಪಿಡಿಎಫ್ ಆಗಿ ಸಿಗುತ್ತದೆ, ಆಡುವ ವಿಡಿಯೊಗಳೂ ಇವೆ. ಓದಿಕೊಂಡು ಅರ್ಧ ಪುಟದಲ್ಲಿ ಕನ್ನಡದಲ್ಲಿ ಬರೆದು ಉಡುಗೊರೆಯ ಜೊತೆ ಇಡಿ. ಇಂಗ್ಲಿಷ್ ನಿಯಮ ಪುಸ್ತಕ ನೋಡಿ ಹಿಂಜರಿಯುವ ಅತ್ತೆ ಆ ಚೀಟಿ ಓದಿ ಆಟಕ್ಕೆ ಬಂದು ಕೂರುತ್ತಾರೆ. ಆಜುಲ್‌ಗೆ ನಾನು ಬರೆದುಕೊಟ್ಟದ್ದು ಹೀಗಿತ್ತು:

“ಒಂದು ತಟ್ಟೆ, ಇಲ್ಲವೇ ನಡುವಿನ ರಾಶಿ. ಅದರಿಂದ ಒಂದೇ ಬಣ್ಣ, ಪೂರ್ತಿ ತೆಗೆಯಬೇಕು. ಎಡಗಡೆ ಒಂದೇ ಸಾಲಿಗೆ ಹಾಕಬೇಕು. ಒಂದು ಸಾಲಿಗೆ ಒಂದೇ ಬಣ್ಣ. ಮಿಕ್ಕಿದ್ದು ಕೆಳಗೆ, ಅದಕ್ಕೆ ಅಂಕ ಕಳೆಯುತ್ತೆ. ಸುತ್ತು ಮುಗಿದಾಗ ತುಂಬಿದ ಸಾಲಿನಿಂದ ಒಂದು ಬಿಲ್ಲೆ ಬಲಗಡೆ ಗೋಡೆಗೆ. ಗೋಡೆಯಲ್ಲಿ ಪಕ್ಕಪಕ್ಕ, ಮೇಲೆ ಕೆಳಗೆ ಅಂಟಿಕೊಂಡಿರುವಷ್ಟು ಅಂಕ. ಯಾರದ್ದಾದರೂ ಅಡ್ಡಸಾಲು ಪೂರ್ತಿ ತುಂಬಿದರೆ ಆ ಸುತ್ತಿಗೇ ಆಟ ಕೊನೆ.”

ಹುಟ್ಟುಹಬ್ಬದ ದಿನವೇ ಆಡಿಸಬೇಕು ಅಂತ ಹಟ ಬೇಡ. ಹದಿನೈದು ಜನ, ಹಾಡು, ಚಿಪ್ಸಿನ ಕೈ. ನಾಲ್ವರ ಆಟಕ್ಕೆ ಅದು ಹೊತ್ತಲ್ಲ. ಚಿಪ್ಸಿನ ಎಣ್ಣೆ ಹತ್ತಿದ ಕಾರ್ಡು ಮತ್ತೆ ಸರಿಯಾಗುವುದೂ ಇಲ್ಲ. ಕೊಡುವಾಗಲೇ “ಮುಂದಿನ ಭಾನುವಾರ ಬರ್ತೀನಿ, ಅತ್ತೆಯವರಿಗೂ ನಾನೇ ಹೇಳಿಕೊಡ್ತೀನಿ, ಕಾಫಿ ನಿಮ್ಮದು” ಅಂತ ದಿನ ಗೊತ್ತು ಮಾಡಿ ಬನ್ನಿ. ಆ ಭಾನುವಾರ ಮೊದಲ ಆಟದಲ್ಲಿ ಅಂಕದ ಬಗ್ಗೆ ಜಾಸ್ತಿ ಹೇಳಬೇಡಿ. ಎರಡು ಸುತ್ತು ಸುಮ್ನೆ ಆಡಿ, ಮೊದಲ ಸಲ ಅಂಕ ಎಣಿಸಿ ತೋರಿಸಿ, ಬೇಕಾದರೆ ಅಲ್ಲಿಗೆ ನಿಲ್ಲಿಸಿ ಹೊಸದಾಗಿ ಶುರು ಮಾಡಿ.

ವಿಜಯನಗರದ ಆ ಮನೆಗೆ ನನ್ನನ್ನು ಕೇಳಿದ್ದವರು ಹಾಗೇ ಹೋಗಿದ್ದರಂತೆ. ಎರಡನೇ ಆಟದಲ್ಲಿ ಅತ್ತೆ ಮಗನಿಗೆ ಐದು ಬಿಲ್ಲೆ ಕೆಳಗೆ ಹಾಕಿಸಿದರಂತೆ.